ಚಾಲ್ತಿ ಖಾತೆಗೆ ಬಿದ್ದ ತಪ್ಪು ಶುಲ್ಕ: ಬ್ಯಾಂಕಿಗೆ ದೂರು ಬರೆಯುವ ಕ್ರಮ

ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಹೆಸರಿನಲ್ಲೋ, ಅಡಿಕೆ ಸುಲಿಯುವ ಯಂತ್ರ ಅಥವಾ ಕಾಫಿ ಪಲ್ಪರಿನಂತಹ ಉಪಕಸುಬಿನ ಹೆಸರಿನಲ್ಲೋ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇಟ್ಟುಕೊಂಡಿದ್ದಾರೆ. ಈ ಖಾತೆಗಳಿಗೆ ಆಗಾಗ್ಗೆ ಇನ್ನೂರು, ಐನೂರು ರೂಪಾಯಿಗಳ ಶುಲ್ಕ ಬೀಳುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ನೋಡುವವರು ಕಡಿಮೆ. ನೋಡಿದವರೂ ಶಾಖೆಗೆ ಹೋಗಿ ಬಾಯಲ್ಲಿ ಹೇಳಿ, "ನೋಡೋಣ" ಎಂಬ ಮಾತು ಕೇಳಿಕೊಂಡು ಹಿಂದಿರುಗುತ್ತಾರೆ. ಬರೆದವರ ದೂರು ಕೂಡ ಬಹುಮಟ್ಟಿಗೆ "ನನ್ನ ಖಾತೆಯಿಂದ ಸುಮ್ಮನೆ ಹಣ ಕಡಿದಿದ್ದಾರೆ, ಸೂಕ್ತ ಕ್ರಮ ಕೈಗೊಳ್ಳಿ" ಎಂಬಷ್ಟಕ್ಕೇ ನಿಲ್ಲುತ್ತದೆ. ಇಂತಹ ಪತ್ರಕ್ಕೆ ಬ್ಯಾಂಕು "ನಿಯಮದಂತೆ ಶುಲ್ಕ ವಿಧಿಸಲಾಗಿದೆ" ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದರೆ ನಾವು ಮುಂದೆ ಹೇಳಲು ಏನೂ ಉಳಿಯುವುದಿಲ್ಲ.

ದೂರು ಗೆಲ್ಲುವುದು ಲೆಕ್ಕದಿಂದ. ಯಾವ ತಾರೀಖು, ಯಾವ ಬಾಬ್ತು, ಎಷ್ಟು ಮೊಬಲಗು, ಅದು ಏಕೆ ತಪ್ಪು, ಆ ತಪ್ಪಿನಿಂದ ಮುಂದೆ ಏನಾಯಿತು, ಈಗ ನಮಗೆ ಏನು ಆಗಬೇಕು ಎಂಬ ಆರು ಸಂಗತಿಗಳು ಪತ್ರದಲ್ಲಿರಬೇಕು. ನಮ್ಮ ಸದಸ್ಯರೊಬ್ಬರು 2025ರ ಏಪ್ರಿಲಿನಲ್ಲಿ ಬರೆದ ದೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಸದಸ್ಯರ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಬಿಟ್ಟಿದ್ದೇನೆ. ಲೆಕ್ಕ ಸುಲಭವಾಗಿ ತಿಳಿಯಲೆಂದು ಸಣ್ಣ ಪುಟ್ಟ ಜಮಾ ಖರ್ಚುಗಳನ್ನು ಕೈಬಿಟ್ಟಿದ್ದೇನೆ.

ನಡೆದದ್ದೇನು?

ಈ ಸದಸ್ಯರು ಅಡಿಕೆ ಸುಲಿಯುವ ಯಂತ್ರವಿಟ್ಟು ನೆರೆಯ ತೋಟಗಳವರಿಗೆ ಬಾಡಿಗೆಗೆ ಸುಲಿದುಕೊಡುತ್ತಾರೆ. ಅದಕ್ಕೆಂದೇ ಒಂದು ಚಾಲ್ತಿ ಖಾತೆ. ಖಾತೆ ತೆರೆಯುವಾಗ ಆದ ಒಪ್ಪಂದದಂತೆ ಪ್ರತಿ ಮೂರು ತಿಂಗಳ ಸರಾಸರಿ ಶಿಲ್ಕು 10,000 ರೂಪಾಯಿಗೆ ಕಡಿಮೆಯಾಗಬಾರದು. ಏಪ್ರಿಲ್ ಮೊದಲ ವಾರ ಅವರ ಖಾತೆಯಲ್ಲಿ 8,000 ರೂಪಾಯಿ ಇತ್ತು. ಆಮೇಲೆ ಸ್ಟೇಟ್‌ಮೆಂಟಿನಲ್ಲಿ ಕಂಡದ್ದು ಹೀಗೆ:

ಏಪ್ರಿಲ್ 4: QAB CHG ಎಂದು 500 ರೂ., ಅದರ ಮೇಲೆ ಶೇ. 18 ಜಿ.ಎಸ್.ಟಿ. 90 ರೂ., ಒಟ್ಟು 590. ಶಿಲ್ಕು 7,410.
ಏಪ್ರಿಲ್ 5: ಚೆಕ್ಕು ಪುಸ್ತಕದ ಶುಲ್ಕ 100 ರೂ., ಜಿ.ಎಸ್.ಟಿ. 18 ರೂ., ಒಟ್ಟು 118. ಶಿಲ್ಕು 7,292.
ಏಪ್ರಿಲ್ 8: ಗೊಬ್ಬರದ ಅಂಗಡಿಗೆ ಕೊಟ್ಟ 7,600 ರೂ. ಚೆಕ್ಕು "ಹಣ ಸಾಲದು" ಎಂಬ ಕಾರಣದಿಂದ ವಾಪಸು. ವಾಪಸಾತಿ ಶುಲ್ಕ 300 ರೂ., ಜಿ.ಎಸ್.ಟಿ. 54 ರೂ., ಒಟ್ಟು 354. ಶಿಲ್ಕು 6,938.

ಆ ಚೆಕ್ಕು ಮಳೆಗಾಲದ ಬೋರ್ಡೋ ಸಿಂಪಡಣೆಗೆಂದು ಮೊದಲೇ ತಂದಿಟ್ಟ ಮೈಲುತುತ್ತದ ಬಾಬ್ತು. ಅಂಗಡಿಯವರು ಹತ್ತು ವರ್ಷದಿಂದ ಈ ಸದಸ್ಯರಿಗೆ ಸಾಲ ಕೊಡುತ್ತಾ ಬಂದವರು. ಚೆಕ್ಕು ವಾಪಸಾದ ಮೇಲೆ ಉಳಿದ ಮಾಲು ನಗದಿಗೆ ಮಾತ್ರ ಎಂದುಬಿಟ್ಟರು. ಅವರ ಬ್ಯಾಂಕು ಅವರಿಗೂ 118 ರೂಪಾಯಿ ಶುಲ್ಕ ಹಾಕಿತ್ತು. ಐನೂರು ರೂಪಾಯಿಯ ಒಂದು ತಪ್ಪು ಎಲ್ಲಿಯವರೆಗೆ ಹೋಯಿತೆಂಬುದನ್ನು ಸದಸ್ಯರು ಗಮನಿಸಬೇಕು.

ಮೊದಲು ಲೆಕ್ಕ, ಆಮೇಲೆ ದೂರು

ಶುಲ್ಕ ತಪ್ಪೆಂದು ಅನಿಸಿದ ಕೂಡಲೇ ಬರೆಯಬಾರದು. ತಪ್ಪೇ ಎಂದು ನಾವೇ ಲೆಕ್ಕ ಹಾಕಿ ನೋಡಬೇಕು. ಸರಾಸರಿ ಶಿಲ್ಕನ್ನು ತೆಗೆಯುವ ಕ್ರಮ ಕಷ್ಟದ್ದಲ್ಲ. ಪ್ರತಿ ದಿನದ ಕೊನೆಯಲ್ಲಿ ಉಳಿದ ಶಿಲ್ಕನ್ನು ಕೂಡಿ, ದಿನಗಳ ಸಂಖ್ಯೆಯಿಂದ ಭಾಗಿಸುವುದು. ರಜಾದಿನಗಳೂ ಲೆಕ್ಕಕ್ಕೆ ಬರುತ್ತವೆ. ಆ ದಿನಕ್ಕೆ ಹಿಂದಿನ ದಿನದ ಶಿಲ್ಕೇ ಶಿಲ್ಕು. ಶಿಲ್ಕು ಬದಲಾಗದ ದಿನಗಳನ್ನು ಒಟ್ಟುಗೂಡಿಸಿದರೆ ನಾಲ್ಕೈದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ.

ನಮ್ಮ ಸದಸ್ಯರ ಖಾತೆಯಲ್ಲಿ ಜನವರಿ 1ರಿಂದ 20ರವರೆಗೆ, ಅಂದರೆ 20 ದಿನ, 4,000 ರೂಪಾಯಿ ಇತ್ತು. ಗುಣಿಸಿದರೆ 80,000. ಜನವರಿ 21ರಂದು ಸುಲಿಗೆ ಬಾಡಿಗೆ 22,000 ಜಮೆಯಾಗಿ, ಫೆಬ್ರವರಿ 14ರವರೆಗೆ 25 ದಿನ 26,000 ರೂಪಾಯಿ ನಿಂತಿತು. ಗುಣಿಸಿದರೆ 6,50,000. ಫೆಬ್ರವರಿ 15ರಂದು ಯಂತ್ರದ ದುರಸ್ತಿಗೆ 18,000 ಹೋಗಿ, ಮಾರ್ಚ್ 31ರವರೆಗೆ 45 ದಿನ 8,000 ರೂಪಾಯಿ ಉಳಿಯಿತು. ಗುಣಿಸಿದರೆ 3,60,000. ಮೂರನ್ನೂ ಕೂಡಿದರೆ 10,90,000. ಇದನ್ನು 90 ದಿನಗಳಿಂದ ಭಾಗಿಸಿದಾಗ ಸರಾಸರಿ 12,111 ರೂಪಾಯಿ. ಬೇಕಾದದ್ದು 10,000. ಆದುದರಿಂದ ಶುಲ್ಕಕ್ಕೆ ಆಧಾರವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಬ್ಯಾಂಕುಗಳು ಮೂರು ತಿಂಗಳ ಸರಾಸರಿಯನ್ನು ನೋಡದೆ ಪ್ರತಿ ತಿಂಗಳ ಸರಾಸರಿಯನ್ನು ನೋಡುತ್ತವೆ. ಈ ಖಾತೆಗೆ ಮಾಸಿಕ ನಿಯಮ ಅನ್ವಯಿಸಿದ್ದರೆ ಮಾರ್ಚ್ ತಿಂಗಳ ಸರಾಸರಿ 8,000 ಮಾತ್ರವಾಗಿ, ಶುಲ್ಕ ಸರಿಯಾಗಿಯೇ ಇರುತ್ತಿತ್ತು. ಸುಗ್ಗಿಯಲ್ಲಿ ಹಣ ಬಂದು ಉಳಿದ ತಿಂಗಳು ಖಾತೆ ಬರಿದಾಗುವ ನಮ್ಮಂತಹವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಖಾತೆ ತೆರೆದಾಗಿನ ಕಾಗದವನ್ನೂ ಬ್ಯಾಂಕಿನ ಸೇವಾ ಶುಲ್ಕಗಳ ಪಟ್ಟಿಯನ್ನೂ ತೆಗೆದು, ನಮ್ಮ ಖಾತೆಯ ಮಾದರಿ ಯಾವುದು, ಅದಕ್ಕೆ ಯಾವ ಸರಾಸರಿ ಎಂಬುದನ್ನು ಓದಿಕೊಳ್ಳಬೇಕು.

ಉಳಿತಾಯ ಖಾತೆಗೂ ಚಾಲ್ತಿ ಖಾತೆಗೂ ಇರುವ ಭೇದವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶಿಲ್ಕು ಕಡಿಮೆಯಾದರೆ ಗ್ರಾಹಕರಿಗೆ ಮೊದಲು ತಿಳಿಸಿ, ತುಂಬಿಸಲು ಒಂದು ತಿಂಗಳ ಕಾಲ ಕೊಟ್ಟು, ಆಮೇಲೆಯೇ ಕೊರತೆಗೆ ತಕ್ಕಷ್ಟು ದಂಡ ಹಾಕಬೇಕೆಂದು ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಹೊರಡಿಸಿದ ಸೂಚನೆ ಉಳಿತಾಯ ಖಾತೆಗಳಿಗೆ ಮಾತ್ರ. ಚಾಲ್ತಿ ಖಾತೆಯವರು ಅದನ್ನು ಉಲ್ಲೇಖಿಸಿ ದೂರು ಬರೆದರೆ ಬ್ಯಾಂಕು ಅದೊಂದನ್ನೇ ಹಿಡಿದು ಪತ್ರವನ್ನು ತಳ್ಳಿಹಾಕಬಹುದು. ಚಾಲ್ತಿ ಖಾತೆಯವರಿಗೆ ಬಲವೆಂದರೆ ಖಾತೆ ತೆರೆದಾಗಿನ ಒಪ್ಪಂದ ಮತ್ತು ಬ್ಯಾಂಕು ತಾನೇ ಪ್ರಕಟಿಸಿದ ಶುಲ್ಕಪಟ್ಟಿ.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು?

ಏಪ್ರಿಲ್ 5ರ ಚೆಕ್ಕು ಪುಸ್ತಕದ ಶುಲ್ಕ 118 ರೂಪಾಯಿ ಸರಿಯಾದದ್ದು. ಸದಸ್ಯರು ಪುಸ್ತಕ ಕೇಳಿದ್ದರು, ಪಟ್ಟಿಯಲ್ಲಿ ಅದೇ ದರವಿತ್ತು. ಇದನ್ನು ತಪ್ಪುಗಳ ಜೊತೆ ಸೇರಿಸಿ ಬರೆದಿದ್ದರೆ ಉಳಿದ ದೂರಿನ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ಹಾಗೆಯೇ "ಶುಲ್ಕ ಅತಿಯಾಯಿತು" ಎಂಬ ದೂರಿಗೆ ಫಲವಿಲ್ಲ. ದರ ಎಷ್ಟಿರಬೇಕೆಂಬುದು ಬ್ಯಾಂಕಿನ ವಾಣಿಜ್ಯ ತೀರ್ಮಾನ. ಅದನ್ನು ಮೇಲಿನವರೂ ವಿಚಾರಿಸುವುದಿಲ್ಲ. ಇದ್ದ ದರವನ್ನು ತಪ್ಪಾಗಿ ಹಾಕಿದ್ದಾರೆ ಎಂಬುದು ಮಾತ್ರ ದೂರಾಗುತ್ತದೆ.

ಚೆಕ್ಕು ವಾಪಸಾದದ್ದನ್ನು ಮಾತ್ರ ಸೇರಿಸಲೇಬೇಕು. ಮೇಲ್ನೋಟಕ್ಕೆ ಅದು ಸರಿಯೆಂದೇ ಕಾಣುತ್ತದೆ. ಚೆಕ್ಕು 7,600, ಶಿಲ್ಕು 7,292. ಆದರೆ ತಪ್ಪು ಶುಲ್ಕ 590 ಬೀಳದೇ ಇದ್ದಿದ್ದರೆ ಶಿಲ್ಕು 7,882 ಇರುತ್ತಿತ್ತು, ಚೆಕ್ಕು ಪಾಸಾಗಿ 282 ರೂಪಾಯಿ ಮಿಗುತ್ತಿತ್ತು. ಸರಿಯಾದ ಶುಲ್ಕವನ್ನು ಕಳೆದೇ ಈ ಲೆಕ್ಕ ಮಾಡಿದೆ ಎಂಬುದನ್ನು ನೋಡಿ. ವಾಪಸಾತಿಗೆ ಕಾರಣ ಬ್ಯಾಂಕಿನ ತಪ್ಪೇ ಹೊರತು ಗ್ರಾಹಕರದ್ದಲ್ಲ. ಗ್ರಾಹಕರ ತಪ್ಪಿನಿಂದ ಚೆಕ್ಕು ವಾಪಸಾದಾಗ ಮಾತ್ರ ವಾಪಸಾತಿ ಶುಲ್ಕ ಹಾಕಬೇಕೆಂದು ರಿಸರ್ವ್ ಬ್ಯಾಂಕು 2012ರ ಆಗಸ್ಟಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಇದು ಚಾಲ್ತಿ ಖಾತೆಯವರೂ ಉಲ್ಲೇಖಿಸಬಹುದಾದ ಸೂಚನೆ.

ಚೆಕ್ಕಿನ ವಿಷಯದಲ್ಲಿ ಬ್ಯಾಂಕಿನ ಉತ್ತರಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಹಣ ಸಾಲದೆ ಚೆಕ್ಕು ವಾಪಸಾದರೆ, ಆ ಸುದ್ದಿ ತಿಳಿದ 30 ದಿನಗಳೊಳಗೆ ಹಣ ಬರಬೇಕಾದವರು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಂತೆ ನೋಟೀಸು ಕೊಡಬಹುದು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಕೊಡದಿದ್ದರೆ ಮೊಕದ್ದಮೆಗೆ ದಾರಿಯಾಗುತ್ತದೆ. ನಮ್ಮ ಸದಸ್ಯರು ಏಪ್ರಿಲ್ 11ರಂದೇ ಅಂಗಡಿಗೆ ಹೋಗಿ 7,600 ರೂಪಾಯಿಯನ್ನೂ ಅವರಿಗೆ ಬಿದ್ದ 118 ರೂಪಾಯಿಯನ್ನೂ ನಗದಾಗಿ ಕೊಟ್ಟು, ಎರಡಕ್ಕೂ ಬೇರೆ ಬೇರೆ ರಸೀದಿ ಪಡೆದು, ಹಳೆಯ ಚೆಕ್ಕನ್ನು ವಾಪಸು ತೆಗೆದುಕೊಂಡರು. ಬ್ಯಾಂಕಿನ ಜೊತೆಗಿನ ವ್ಯಾಜ್ಯ ಅದಾದ ಮೇಲೆ.

ಬರೆದ ಪತ್ರ

ಪತ್ರ ಕನ್ನಡದಲ್ಲೇ ಇತ್ತು. ಅದರ ಮುಖ್ಯ ಭಾಗ ಹೀಗಿದೆ:

"ದಿನಾಂಕ: 16-4-2025

ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ನನ್ನ ಚಾಲ್ತಿ ಖಾತೆಗೆ ತಪ್ಪಾಗಿ ಹಾಕಿದ ಶುಲ್ಕ ರೂ. 944 ಮತ್ತು ಅದರಿಂದಾದ ನಷ್ಟ ರೂ. 118, ಒಟ್ಟು ರೂ. 1,062 ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

1. ನನ್ನ ಖಾತೆಗೆ 4-4-2025ರಂದು ಸರಾಸರಿ ಶಿಲ್ಕು ಕಡಿಮೆಯೆಂದು ರೂ. 500 ಹಾಗೂ ಜಿ.ಎಸ್.ಟಿ. ರೂ. 90 ಖರ್ಚು ಹಾಕಿದ್ದೀರಿ. ಖಾತೆ ತೆರೆದಾಗಿನ ಒಪ್ಪಂದದಂತೆ ನಾನು ಇಡಬೇಕಾದ ತ್ರೈಮಾಸಿಕ ಸರಾಸರಿ ರೂ. 10,000. ಜನವರಿಯಿಂದ ಮಾರ್ಚ್ ಅಂತ್ಯದವರೆಗಿನ ಸರಾಸರಿ ರೂ. 12,111. ದಿನವಾರು ಲೆಕ್ಕ ಲಗತ್ತಿಸಿದೆ. ಆದುದರಿಂದ ಈ ಶುಲ್ಕ ಸರಿಯಲ್ಲ.

2. ಈ ಶುಲ್ಕದಿಂದ ಶಿಲ್ಕು ತಗ್ಗಿದ ಕಾರಣ 8-4-2025ರಂದು ರೂ. 7,600ರ ನನ್ನ ಚೆಕ್ಕು ವಾಪಸಾಗಿ, ರೂ. 300 ಹಾಗೂ ಜಿ.ಎಸ್.ಟಿ. ರೂ. 54 ಖರ್ಚು ಬಿದ್ದಿದೆ. ಮೊದಲ ಶುಲ್ಕ ಇಲ್ಲದಿದ್ದರೆ ಅಂದು ಶಿಲ್ಕು ರೂ. 7,882 ಇರುತ್ತಿತ್ತು. ವಾಪಸಾತಿಯಲ್ಲಿ ನನ್ನ ತಪ್ಪಿಲ್ಲ.

3. ಚೆಕ್ಕು ಪಡೆದವರಿಗೆ ಅವರ ಬ್ಯಾಂಕು ಹಾಕಿದ ರೂ. 118 ಅನ್ನು ನಾನು ತುಂಬಿಕೊಟ್ಟಿದ್ದೇನೆ. ರಸೀದಿ ಲಗತ್ತಿಸಿದೆ.

4. ನಾನು ಕೋರುವ ಪರಿಹಾರ: (ಅ) ರೂ. 590 ಅನ್ನು 4-4-2025ರಿಂದ, ರೂ. 354 ಅನ್ನು 8-4-2025ರಿಂದ ಲೆಕ್ಕಕ್ಕೆ ಬರುವಂತೆ ಜಮಾ ಮಾಡುವುದು. (ಆ) ರೂ. 118 ನಷ್ಟ ತುಂಬಿಕೊಡುವುದು. (ಇ) ಚೆಕ್ಕು ವಾಪಸಾದದ್ದು ಬ್ಯಾಂಕಿನ ಕಾರಣದಿಂದ ಎಂದು ಅಂಗಡಿಯವರಿಗೆ ತೋರಿಸಬಹುದಾದ ಪತ್ರ ಕೊಡುವುದು. (ಈ) ಶುಲ್ಕ ಯಾವ ಕಾರಣದಿಂದ ಬಿತ್ತೆಂದು ತಿಳಿಸಿ, ಮುಂದಿನ ತ್ರೈಮಾಸಿಕದಲ್ಲಿ ಮರುಕಳಿಸದಂತೆ ಸರಿಪಡಿಸುವುದು. ನನ್ನ ಖಾತೆಯ ಮಾದರಿಯನ್ನು ಬದಲಿಸಿದ್ದರೆ, ಅದರ ಬಗ್ಗೆ ನನಗೆ ಕಳಿಸಿದ ನೋಟೀಸಿನ ನಕಲು ಕೊಡುವುದು.

ಈ ಪತ್ರಕ್ಕೆ 30 ದಿನಗಳೊಳಗೆ ಲಿಖಿತ ಉತ್ತರ ಕೋರುತ್ತೇನೆ."

ಪತ್ರದ ಜೊತೆ ಲಗತ್ತಿಸಿದ್ದು ಸ್ಟೇಟ್‌ಮೆಂಟಿನ ನಕಲು, ಸರಾಸರಿಯ ಲೆಕ್ಕ, ಖಾತೆ ತೆರೆದಾಗಿನ ಕಾಗದದ ನಕಲು, ಚೆಕ್ಕಿನ ವಾಪಸಾತಿ ಚೀಟಿ, ಅಂಗಡಿಯ ರಸೀದಿ. ಮೂಲ ಕಾಗದ ಯಾವುದನ್ನೂ ಕೊಡಲಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಂಡರು. ಬ್ಯಾಂಕಿನ ದೂರು ವಿಭಾಗದಿಂದ ದೂರಿನ ಸಂಖ್ಯೆಯನ್ನೂ ಪಡೆದರು. ಈ ಮೊಹರೂ ಸಂಖ್ಯೆಯೂ ಇಲ್ಲದಿದ್ದರೆ 30 ದಿನಗಳ ಎಣಿಕೆ ಎಂದಿನಿಂದ ಶುರುವೆಂದು ತೋರಿಸಲಾಗುವುದಿಲ್ಲ.

ಪರಿಹಾರವನ್ನು ಇಷ್ಟು ಬಿಡಿಸಿ ಏಕೆ ಕೇಳಬೇಕು?

"ಹಣ ವಾಪಸು ಕೊಡಿ" ಎಂದಷ್ಟೇ ಬರೆದರೆ ಮೂರು ಕಡೆ ನಷ್ಟವಾಗಬಹುದು. ಮೊದಲನೆಯದು ಜಿ.ಎಸ್.ಟಿ. ಶುಲ್ಕದ 500 ರೂಪಾಯಿ ಬಂದು, ತೆರಿಗೆಯ 90 ರೂಪಾಯಿ ಹಾಗೆಯೇ ಉಳಿದುಬಿಡಬಹುದು. ಶುಲ್ಕವೇ ತಪ್ಪಾದ ಮೇಲೆ ಅದರ ಮೇಲಿನ ತೆರಿಗೆಯೂ ಹಿಂದಿರುಗಬೇಕು. ಆದುದರಿಂದ ಪ್ರತಿ ಬಾಬ್ತಿನಲ್ಲೂ ಶುಲ್ಕ ಎಷ್ಟು, ತೆರಿಗೆ ಎಷ್ಟು ಎಂದು ಬೇರೆಯಾಗಿ ಬರೆಯಬೇಕು.

ಎರಡನೆಯದು ತಾರೀಖು. ಇಂದು ಜಮಾ ಮಾಡಿದ ಹಣ ಇಂದಿನಿಂದ ಮಾತ್ರ ಸರಾಸರಿಗೆ ಸೇರುತ್ತದೆ. ಶಿಲ್ಕು ಗಡಿಯ ಹತ್ತಿರವಿರುವ ಖಾತೆಯಲ್ಲಿ, ಹಣ ಬ್ಯಾಂಕಿನ ಬಳಿ ಇದ್ದ ದಿನಗಳ ಕಾರಣದಿಂದಲೇ ಮುಂದಿನ ತ್ರೈಮಾಸಿಕಕ್ಕೆ ಮತ್ತೊಂದು ಶುಲ್ಕ ಬೀಳಬಹುದು. ಓವರ್‌ಡ್ರಾಫ್ಟ್ ಇರುವ ಖಾತೆಯಾದರೆ ಅಷ್ಟು ದಿನಗಳ ಬಡ್ಡಿಯೂ ಬಿದ್ದಿರುತ್ತದೆ. ಹಿಂದಿನ ತಾರೀಖಿನಿಂದ ಲೆಕ್ಕ ಹಿಡಿಯಲು ಕೇಳುವುದು ಇದಕ್ಕಾಗಿ.

ಮೂರನೆಯದು ಕಾರಣ. ಕಾರಣ ತಿಳಿಯದೆ ಹಣ ಮಾತ್ರ ಪಡೆದರೆ ಜುಲೈನಲ್ಲಿ ಅದೇ ಶುಲ್ಕ ಮತ್ತೆ ಬರುತ್ತದೆ. ಈ ಪ್ರಕರಣದಲ್ಲಿ ಬ್ಯಾಂಕು ವಿಚಾರಿಸಿದಾಗ, ಖಾತೆಯು ಕಂಪ್ಯೂಟರಿನಲ್ಲಿ 25,000 ರೂಪಾಯಿ ಸರಾಸರಿ ಬೇಕಾದ ಬೇರೊಂದು ಮಾದರಿಯಲ್ಲಿ ದಾಖಲಾಗಿತ್ತೆಂದು ತಿಳಿಯಿತು. ಶುಲ್ಕ ಹಾಕಿದ್ದು ಗುಮಾಸ್ತರಲ್ಲ, ಯಂತ್ರ. ಅದರ ಲೆಕ್ಕದಲ್ಲಿ 12,111 ಕಡಿಮೆಯೇ. ಆದ್ದರಿಂದ ಸ್ಟೇಟ್‌ಮೆಂಟಿನ ತಲೆಭಾಗದಲ್ಲಿ ಅಚ್ಚಾಗಿರುವ ಖಾತೆಯ ಮಾದರಿಯ ಹೆಸರನ್ನು, ಖಾತೆ ತೆರೆದಾಗಿನ ಕಾಗದದ ಜೊತೆ ಎಲ್ಲರೂ ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ಉತ್ತರ ಬಂದದ್ದು ಹೀಗೆ. ಏಪ್ರಿಲ್ 25ರಂದು 944 ರೂಪಾಯಿ ಜಮೆಯಾಯಿತು. ಖಾತೆಯ ಮಾದರಿಯನ್ನು ಸರಿಪಡಿಸಿ, ಅಂಗಡಿಯವರಿಗೆ ತೋರಿಸಲು ಪತ್ರವನ್ನೂ ಕೊಟ್ಟರು. ಹಿಂದಿನ ತಾರೀಖಿಗೆ ಜಮಾ ಮಾಡಲು ಶಾಖೆಗೆ ಅಧಿಕಾರವಿಲ್ಲವೆಂದರೂ, ಜೂನ್ ತ್ರೈಮಾಸಿಕದ ಸರಾಸರಿಯಲ್ಲಿ ಆ ದಿನಗಳನ್ನು ಕೈಯಿಂದ ಲೆಕ್ಕ ಹಿಡಿಯುವುದಾಗಿ ಮ್ಯಾನೇಜರು ಬರೆದುಕೊಟ್ಟರು. 118 ರೂಪಾಯಿಯನ್ನು ಮಾತ್ರ "ಬೇರೆ ಬ್ಯಾಂಕಿನ ಶುಲ್ಕ, ನಮಗೆ ಸಂಬಂಧವಿಲ್ಲ" ಎಂದರು. ಸದಸ್ಯರು ಅಂಗಡಿಯವರ ಸ್ಟೇಟ್‌ಮೆಂಟಿನ ಆ ಸಾಲಿನ ನಕಲನ್ನು ಸೇರಿಸಿ ಜ್ಞಾಪನಪತ್ರ ಕೊಟ್ಟ ಮೇಲೆ, ಮೇ 12ರಂದು ಅದೂ ಬಂತು. ಅಂಗಡಿಯವರು ಆ ಪತ್ರ ನೋಡಿ ಮೊದಲಿನಂತೆ ಸಾಲಕ್ಕೆ ಮಾಲು ಕೊಟ್ಟರು. ಸದಸ್ಯರಿಗೆ 1,062 ರೂಪಾಯಿಗಿಂತ ಹೆಚ್ಚು ಬೇಕಾಗಿದ್ದುದು ಅದೇ.

ಬ್ಯಾಂಕು ಒಪ್ಪದಿದ್ದರೆ

ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಎಲ್ಲ ದೂರುಗಳನ್ನೂ ಒಂದೇ ಕಡೆ ಸ್ವೀಕರಿಸುವ ಏರ್ಪಾಡು 2021ರ ನವೆಂಬರ್ 12ರಂದು ಜಾರಿಗೆ ಬಂದಿತು. cms.rbi.org.in ಎಂಬ ತಾಣದಲ್ಲಿ ದೂರು ದಾಖಲಿಸಬಹುದು. ಅಂಚೆಯಲ್ಲಿ ಕಳಿಸುವವರಿಗೆ ಚಂಡೀಗಢದಲ್ಲಿ ಸ್ವೀಕಾರ ಕೇಂದ್ರವಿದೆ. 14448 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೂ ವಿವರ ಕೇಳಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಅಲ್ಲಿಗೆ ಹೋದರೆ, ಅಥವಾ ಅದೇ ವಿಷಯ ನ್ಯಾಯಾಲಯದಲ್ಲಿದ್ದರೆ, ದೂರನ್ನು ತೆಗೆದುಕೊಳ್ಳುವುದಿಲ್ಲ. ಕಾಲಮಿತಿಯೂ ಇರುವುದರಿಂದ ಮುಂದಿನ ಸುಗ್ಗಿಗೆ ನೋಡೋಣ ಎಂದು ತಳ್ಳಬಾರದು. ಖಾತೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿದ್ದರೆ ಈ ದಾರಿ ಇಲ್ಲ. ಅಂತಹ ದೂರು ಸಹಕಾರ ಇಲಾಖೆಯ ನಿಬಂಧಕರಿಗೆ ಹೋಗಬೇಕು.

ಮೇಲಿನ ಪತ್ರದ ಪೂರ್ಣ ನಕಲು ಮತ್ತು ಸರಾಸರಿ ಲೆಕ್ಕದ ಒಂದು ಖಾಲಿ ತಖ್ತೆಯನ್ನು ಸಂಘದ ಕಚೇರಿಯಲ್ಲಿ ಇಡಲಾಗಿದೆ. ಮೂರು ತಿಂಗಳ ಸ್ಟೇಟ್‌ಮೆಂಟನ್ನೂ ಖಾತೆ ತೆರೆದಾಗಿನ ಕಾಗದವನ್ನೂ ತಂದವರಿಗೆ ಲೆಕ್ಕ ಹಾಕಲು ಸಂತೆಯ ದಿನ ಬೆಳಿಗ್ಗೆ ನಾನು ಸಿಗುತ್ತೇನೆ.

ಕಾರ್ಯದರ್ಶಿ